ಆಂಟಿಬಯಾಟಿಕ್ ಅಧ್ಯಾಯದಿಂದ ಫ್ಲ್ಯಾಶ್‌ಕಾರ್ಡ್ ಮಾಡುವುದು ಹೇಗೆ: ಮೊದಲು ಔಷಧಿ ಕೆಲಸ ಮಾಡುವ ಜಾಗ, ಆಮೇಲೆ ಗುಂಪು, ಕೊನೆಗೆ ಹೆಸರು

ಫಾರ್ಮಕಾಲಜಿ ಪುಸ್ತಕದ ಆಂಟಿಬಯಾಟಿಕ್ ಅಧ್ಯಾಯ ತೆರೆದರೆ ಪ್ರತಿ ಔಷಧಿಗೂ ಅದೇ ಉಪಶೀರ್ಷಿಕೆಗಳು ಸಿಗುತ್ತವೆ. ಮೆಕ್ಯಾನಿಸಂ, ಸ್ಪೆಕ್ಟ್ರಮ್, ರೆಸಿಸ್ಟೆನ್ಸ್, ಅಡ್ಡಪರಿಣಾಮ, ಉಪಯೋಗ. ಹೆಚ್ಚಿನವರು ಇದೇ ಕ್ರಮ ಹಿಡಿದು ಕಾರ್ಡ್ ಬರೆಯುತ್ತಾರೆ. 50 ಔಷಧಿಗೆ ಐದೈದು ಅಂದರೂ 250 ಕಾರ್ಡ್ ಆಗುತ್ತದೆ. ಅದರಲ್ಲಿ ಬಹುಪಾಲು ಒಂದೇ ಮಾತು. ಆಂಪಿಸಿಲಿನ್, ಸೆಫಜೋಲಿನ್, ಮೆರೋಪೆನೆಮ್ ಮೂರಕ್ಕೂ ‘ಸೆಲ್ ವಾಲ್ ಕಟ್ಟುವುದನ್ನು ತಡೆಯುತ್ತದೆ’ ಅಂತ ಮೂರು ಸಲ ಬರೆದು, ಮೂರು ಸಲ ಓದಿ ಪ್ರಯೋಜನವೇನು?

ನಾನು ಹೇಳುವ ವಿಧಾನದ ಮುಖ್ಯ ನಿಯಮ ಒಂದೇ. ಒಂದು ವಿಷಯ ಎಷ್ಟು ಔಷಧಿಗಳಿಗೆ ಸೇರುತ್ತದೋ ಅಷ್ಟು ಮೇಲಿನ ಮಟ್ಟದಲ್ಲಿ ಅದನ್ನು ಒಂದೇ ಸಲ ಬರೆಯಿರಿ. ಇಡೀ ಗುಂಪಿಗೆ ಸೇರುವ ಮಾತು ಗುಂಪಿನ ಕಾರ್ಡ್‌ನಲ್ಲಿ ಇರಲಿ. ಔಷಧಿಯ ಹೆಸರಿನ ಕಾರ್ಡ್‌ನಲ್ಲಿ ಅದು ತನ್ನ ಗುಂಪಿಗಿಂತ ಹೇಗೆ ಬೇರೆ ಅನ್ನುವುದಷ್ಟೇ ಇರಲಿ. ಗುಂಪಿಗಿಂತ ಬೇರೆ ಏನೂ ಇಲ್ಲದ ಔಷಧಿಗೆ ಅದು ಯಾವ ಗುಂಪು ಅಂತ ಕೇಳುವ ಒಂದು ಕಾರ್ಡ್ ಸಾಕು.

ಹಂತ 1: ಒಂದು ಹಾಳೆಯ ನಕ್ಷೆ

ಮೊದಲ ಓದಿನಲ್ಲಿ ಕಾರ್ಡ್ ಬರೆಯಲೇಬೇಡಿ. ಅಧ್ಯಾಯವನ್ನು ತಿರುವಿ ಹಾಕಿ, ಒಂದು ಖಾಲಿ ಹಾಳೆಯಲ್ಲಿ ಬ್ಯಾಕ್ಟೀರಿಯಾದ ಐದು ಜಾಗಗಳನ್ನು ಬರೆದುಕೊಳ್ಳಿ: ಸೆಲ್ ವಾಲ್, ಸೆಲ್ ಮೆಂಬ್ರೇನ್, ರೈಬೋಸೋಮ್, ಡಿಎನ್‌ಎ ಮತ್ತು ಆರ್‌ಎನ್‌ಎ, ಫೋಲೇಟ್ ತಯಾರಿ. ರೈಬೋಸೋಮನ್ನು 30ಎಸ್, 50ಎಸ್ ಅಂತ ಎರಡು ಮಾಡಿ. ಈಗ ಪುಸ್ತಕದಲ್ಲಿ ಬರುವ ಪ್ರತಿ ಗುಂಪನ್ನೂ ಅದರ ಜಾಗದ ಕೆಳಗೆ ಬರೆಯಿರಿ.

ಪುಸ್ತಕದ ಕ್ರಮ ಮತ್ತು ನಿಮ್ಮ ನಕ್ಷೆ ಎಲ್ಲ ಕಡೆ ಹೊಂದುವುದಿಲ್ಲ. ರಿಫಾಂಪಿಸಿನ್ ಸಾಮಾನ್ಯವಾಗಿ ಕ್ಷಯದ ಅಧ್ಯಾಯದಲ್ಲಿ ಇರುತ್ತದೆ, ಆದರೆ ನಕ್ಷೆಯಲ್ಲಿ ಅದರ ಜಾಗ ಆರ್‌ಎನ್‌ಎ ಪಾಲಿಮರೇಸ್. ವ್ಯಾಂಕೋಮೈಸಿನ್ ಅನೇಕ ಪುಸ್ತಕಗಳಲ್ಲಿ ‘ಇತರೆ’ ಅನ್ನುವ ಕೊನೆಯ ಪುಟಗಳಿಗೆ ಹೋಗಿಬಿಡುತ್ತದೆ. ನಿಮ್ಮ ಹಾಳೆಯಲ್ಲಿ ಅದು ಬೀಟಾ-ಲ್ಯಾಕ್ಟಮ್‌ಗಳ ಪಕ್ಕದಲ್ಲೇ ಕೂರಬೇಕು. ಈ ಹಾಳೆ ಸರಿಯಾಗುವ ತನಕ ಮುಂದೆ ಹೋಗಬೇಡಿ, ಯಾಕೆಂದರೆ ಎಲ್ಲ ಕಾರ್ಡ್‌ಗಳೂ ಇದರ ಮೇಲೆ ನಿಲ್ಲುತ್ತವೆ.

ಹಂತ 2: ಜಾಗದ ಕಾರ್ಡ್‌ಗಳು

ಇವು ಕೆಲವೇ ಕೆಲವು. ಪ್ರತಿ ಜಾಗಕ್ಕೂ ಒಂದೇ ಪ್ರಶ್ನೆ: ಇಲ್ಲಿ ಹೊಡೆದರೆ ಬ್ಯಾಕ್ಟೀರಿಯಾಕ್ಕೆ ಏಟು ಬೀಳುತ್ತದೆ, ನಮ್ಮ ಜೀವಕೋಶಕ್ಕೆ ಯಾಕೆ ಬೀಳುವುದಿಲ್ಲ? ಸೆಲ್ ವಾಲ್‌ಗೆ ಉತ್ತರ: ನಮ್ಮಲ್ಲಿ ಪೆಪ್ಟಿಡೋಗ್ಲೈಕನ್ ಇಲ್ಲ. ಫೋಲೇಟ್‌ಗೆ: ನಾವು ಅದನ್ನು ಆಹಾರದಿಂದ ಪಡೆಯುತ್ತೇವೆ, ಬಹುತೇಕ ಬ್ಯಾಕ್ಟೀರಿಯಾಗಳು ತಾವೇ ತಯಾರಿಸಿಕೊಳ್ಳಬೇಕು. ರೈಬೋಸೋಮ್‌ಗೆ: ಅವುಗಳದ್ದು 70ಎಸ್, ನಮ್ಮದು 80ಎಸ್.

ರೈಬೋಸೋಮ್‌ಗೆ ಇನ್ನೊಂದು ಕಾರ್ಡ್ ಸೇರಿಸಿ. ನಮ್ಮ ಮೈಟೋಕಾಂಡ್ರಿಯಾದ ರೈಬೋಸೋಮ್ ಬ್ಯಾಕ್ಟೀರಿಯಾದ ರೈಬೋಸೋಮನ್ನು ಹೋಲುತ್ತದೆ. ಹಾಗಾಗಿ ಕ್ಲೋರಾಂಫೆನಿಕಾಲ್, ಲಿನೆಜೋಲಿಡ್ ಜಾಸ್ತಿಯಾದರೆ ಎಲುಬಿನ ಮಜ್ಜೆಯ ಕೆಲಸ ತಗ್ಗುತ್ತದೆ. ಇದನ್ನು ಒಮ್ಮೆ ಅರ್ಥ ಮಾಡಿಕೊಂಡರೆ ಮುಂದೆ ಅಡ್ಡಪರಿಣಾಮದ ಪಟ್ಟಿಯಲ್ಲಿ ಎರಡು ಸಾಲು ತಾವಾಗಿಯೇ ನೆನಪಾಗುತ್ತವೆ. ಕ್ಲೋರಾಂಫೆನಿಕಾಲ್‌ನಿಂದ ಅಪರೂಪಕ್ಕೆ ಆಗುವ ಎಪ್ಲಾಸ್ಟಿಕ್ ಅನೀಮಿಯಾ ಇದರ ಲೆಕ್ಕಕ್ಕೆ ಬರುವುದಿಲ್ಲ. ಅದು ಡೋಸ್‌ಗೆ ತಕ್ಕಂತೆ ಬರುವಂಥದ್ದಲ್ಲ, ಅದಕ್ಕೆ ಬೇರೆ ಕಾರ್ಡ್ ಬೇಕು.

ಹಂತ 3: ಗುಂಪಿನ ಕಾರ್ಡ್ (ಬೀಟಾ-ಲ್ಯಾಕ್ಟಮ್ ಉದಾಹರಣೆ)

ಇಲ್ಲಿ ನಿಧಾನ ಮಾಡಬೇಕು. ಗುಂಪಿನ ಕಾರ್ಡ್‌ಗಳು ಒಂದಕ್ಕೊಂದು ಕಾರಣ ಕೊಡುವ ಹಾಗೆ ಇರಬೇಕು. ಮೊದಲ ಕಾರ್ಡ್ ಮೆಕ್ಯಾನಿಸಂ. ಅದರ ನಂತರದ ಪ್ರತಿ ಕಾರ್ಡ್‌ನ ಉತ್ತರವೂ ಮೊದಲನೆಯದರಿಂದಲೇ ಹೊರಡಬೇಕು.

ಮುಂದೆ: ಬೀಟಾ-ಲ್ಯಾಕ್ಟಮ್ ಯಾವುದಕ್ಕೆ ಅಂಟಿಕೊಳ್ಳುತ್ತದೆ? ಏನು ನಿಲ್ಲುತ್ತದೆ?
ಹಿಂದೆ: ಪಿಬಿಪಿ, ಅಂದರೆ ಪೆನಿಸಿಲಿನ್ ಬೈಂಡಿಂಗ್ ಪ್ರೋಟೀನ್ ಅನ್ನುವ ಎಂಜೈಮ್‌ಗೆ. ಪೆಪ್ಟಿಡೋಗ್ಲೈಕನ್ ಎಳೆಗಳ ನಡುವಿನ ಅಡ್ಡಜೋಡಣೆ ನಿಲ್ಲುತ್ತದೆ.

ಮುಂದೆ: ಮೈಕೋಪ್ಲಾಸ್ಮಾಕ್ಕೆ ಬೀಟಾ-ಲ್ಯಾಕ್ಟಮ್ ಯಾಕೆ ಕೊಡುವುದಿಲ್ಲ?
ಹಿಂದೆ: ಅದಕ್ಕೆ ಸೆಲ್ ವಾಲ್ ಇಲ್ಲ.

ಮುಂದೆ: ಬೀಟಾ-ಲ್ಯಾಕ್ಟಮೇಸ್ ಏನು ಮಾಡುತ್ತದೆ? ಅದನ್ನು ತಡೆಯಲು ಏನು ಸೇರಿಸುತ್ತಾರೆ?
ಹಿಂದೆ: ಔಷಧಿಯ ಬೀಟಾ-ಲ್ಯಾಕ್ಟಮ್ ಉಂಗುರವನ್ನು ಒಡೆಯುತ್ತದೆ. ಕ್ಲಾವುಲಾನಿಕ್ ಆಸಿಡ್, ಸಲ್ಬ್ಯಾಕ್ಟಮ್, ಟಾಜೋಬ್ಯಾಕ್ಟಮ್‌ನಂಥವು.

ಮುಂದೆ: ಎಂಆರ್‌ಎಸ್‌ಎಗೆ ಅಮಾಕ್ಸಿಸಿಲಿನ್ ಜೊತೆ ಕ್ಲಾವುಲಾನಿಕ್ ಆಸಿಡ್ ಸೇರಿಸಿದರೂ ಯಾಕೆ ಉಪಯೋಗವಿಲ್ಲ?
ಹಿಂದೆ: ತೊಂದರೆ ಒಡೆಯುವ ಎಂಜೈಮ್‌ನದ್ದಲ್ಲ. ಪಿಬಿಪಿಯೇ ಬದಲಾಗಿದೆ (ಪಿಬಿಪಿ2ಎ). ಅಂಟಿಕೊಳ್ಳುವ ಜಾಗವೇ ಹೋಯಿತು.

ಕೊನೆಯ ಕಾರ್ಡ್ ನನಗೆ ಈ ಸೆಟ್ಟಿನಲ್ಲೇ ಬಹಳ ಮುಖ್ಯ. ರೆಸಿಸ್ಟೆನ್ಸ್‌ಗೆ ಎರಡು ದಾರಿ ಇವೆ ಅಂತ ಪಟ್ಟಿ ಹೇಳುವವರು ಸುಮಾರು ಜನ. ಯಾವ ದಾರಿಗೆ ಯಾವ ಪರಿಹಾರ ಅನ್ನುವಲ್ಲಿ ತಡಬಡಾಯಿಸುತ್ತಾರೆ. ಹೀಗೆ ‘ಯಾಕೆ ಕೆಲಸ ಮಾಡುವುದಿಲ್ಲ’ ಅಂತ ಕೇಳಿದರೆ ಎರಡೂ ಒಟ್ಟಿಗೆ ಪರೀಕ್ಷೆಯಾಗುತ್ತವೆ.

ಇನ್ನು ಉಪಗುಂಪುಗಳು. ಪೆನಿಸಿಲಿನ್, ಸೆಫಲೋಸ್ಪೊರಿನ್, ಕಾರ್ಬಪೆನೆಮ್, ಮೊನೊಬ್ಯಾಕ್ಟಮ್. ಇವಕ್ಕೆ ಮೆಕ್ಯಾನಿಸಂ ಕಾರ್ಡ್ ಬೇಡವೇ ಬೇಡ. ವ್ಯತ್ಯಾಸ ಮಾತ್ರ ಬರೆಯಿರಿ. ಅಜ್ಟ್ರಿಯೋನಾಮ್‌ಗೆ ‘ಗ್ರಾಂ-ನೆಗೆಟಿವ್ ಏರೋಬ್‌ಗಳಿಗೆ ಮಾತ್ರ’. ಇಮಿಪೆನೆಮ್‌ಗೆ ‘ಸಿಲಾಸ್ಟಾಟಿನ್ ಜೊತೆ ಯಾಕೆ? ಮೂತ್ರಪಿಂಡದ ಡಿಹೈಡ್ರೋಪೆಪ್ಟಿಡೇಸ್ ಇಮಿಪೆನೆಮನ್ನು ಒಡೆಯದಿರಲಿ ಅಂತ’. ಎರ್ಟಪೆನೆಮ್‌ಗೆ ‘ಈ ಗುಂಪಿನಲ್ಲಿದ್ದೂ ಸ್ಯೂಡೋಮೊನಾಸ್ ಮೇಲೆ ಕೆಲಸ ಮಾಡುವುದಿಲ್ಲ’.

ಸೆಫಲೋಸ್ಪೊರಿನ್ ಜನರೇಷನ್‌ಗಳ ಪಟ್ಟಿಯನ್ನು ಇಡಿಯಾಗಿ ಒಂದು ಕಾರ್ಡ್‌ಗೆ ತುಂಬುವ ಆಸೆ ಬರುತ್ತದೆ. ಬೇಡ. ಪ್ರತಿ ಜನರೇಷನ್‌ಗೆ ಒಂದು ಪ್ರತಿನಿಧಿ ಸಾಕು: ಸೆಫಜೋಲಿನ್, ಸೆಫುರಾಕ್ಸಿಮ್, ಸೆಫ್ಟ್ರಿಯಾಕ್ಸೋನ್, ಸೆಫಿಪೈಮ್, ಸೆಫ್ಟಾರೋಲಿನ್. ಆಮೇಲೆ ಎದ್ದು ಕಾಣುವ ವಿಶೇಷಗಳು. ಮೂರನೆಯದರಲ್ಲಿ ಸ್ಯೂಡೋಮೊನಾಸ್‌ಗೆ ಸೆಫ್ಟಾಜಿಡಿಮ್. ಐದನೆಯದಾದ ಸೆಫ್ಟಾರೋಲಿನ್ ಪಿಬಿಪಿ2ಎಗೂ ಅಂಟಿಕೊಳ್ಳುತ್ತದೆ, ಅದಕ್ಕೇ ಎಂಆರ್‌ಎಸ್‌ಎ ಮೇಲೆ ಕೆಲಸ ಮಾಡುತ್ತದೆ. ಈ ಉತ್ತರ ಮೇಲಿನ ಎಂಆರ್‌ಎಸ್‌ಎ ಕಾರ್ಡ್‌ಗೆ ನೇರವಾಗಿ ಕೂಡಿಕೊಳ್ಳುವುದನ್ನು ಗಮನಿಸಿ.

ಹಂತ 4: ಒಂದು ಪ್ಯಾರಾ, ಐದು ಕಾರ್ಡ್

ಈಗ ವ್ಯಾಂಕೋಮೈಸಿನ್ ತೆಗೆದುಕೊಂಡು ಕೈಯಾರೆ ಮಾಡಿ ನೋಡೋಣ. ಪುಸ್ತಕದ ಪ್ಯಾರಾ ಹೆಚ್ಚು ಕಡಿಮೆ ಹೀಗಿರುತ್ತದೆ:

> ವ್ಯಾಂಕೋಮೈಸಿನ್ ಒಂದು ಗ್ಲೈಕೋಪೆಪ್ಟೈಡ್. ಇದು ಪೆಪ್ಟಿಡೋಗ್ಲೈಕನ್ ತುಣುಕಿನ ಡಿ-ಅಲಾ-ಡಿ-ಅಲಾ ತುದಿಗೆ ಅಂಟಿಕೊಂಡು ಸೆಲ್ ವಾಲ್ ತಯಾರಿಯನ್ನು ತಡೆಯುತ್ತದೆ. ಗ್ರಾಂ-ಪಾಸಿಟಿವ್ ಬ್ಯಾಕ್ಟೀರಿಯಾಗಳ ಮೇಲೆ ಮಾತ್ರ ಕೆಲಸ ಮಾಡುತ್ತದೆ. ಕರುಳಿನಿಂದ ಹೀರಲ್ಪಡುವುದು ತೀರಾ ಕಡಿಮೆ. ರೆಸಿಸ್ಟೆಂಟ್ ಎಂಟರೋಕಾಕಸ್‌ಗಳಲ್ಲಿ ಈ ತುದಿ ಡಿ-ಅಲಾ-ಡಿ-ಲ್ಯಾಕ್ ಆಗಿರುತ್ತದೆ. ವೇಗವಾಗಿ ಡ್ರಿಪ್ ಹಾಕಿದರೆ ಹಿಸ್ಟಮಿನ್ ಬಿಡುಗಡೆಯಾಗಿ ಮೈ ಕೆಂಪಾಗುತ್ತದೆ.

ಕೆಟ್ಟ ಕಾರ್ಡ್ ಯಾವುದು ಅಂದರೆ ಮುಂದೆ ‘ವ್ಯಾಂಕೋಮೈಸಿನ್’, ಹಿಂದೆ ಈ ಇಡೀ ಪ್ಯಾರಾ. ಐದರಲ್ಲಿ ಮೂರು ನೆನಪಾದರೆ ಸರಿಯೋ ತಪ್ಪೋ ಅಂತಲೇ ನಿಮಗೆ ಗೊತ್ತಾಗುವುದಿಲ್ಲ. ನೆನಪಾಗದ ಎರಡು ಪ್ರತಿ ಸಲವೂ ಅವೇ ಆಗಿರುತ್ತವೆ. ಒಳ್ಳೆಯ ಕಾರ್ಡ್‌ಗಳು ಹೀಗೆ:

1. ಬೀಟಾ-ಲ್ಯಾಕ್ಟಮ್ ಮತ್ತು ವ್ಯಾಂಕೋಮೈಸಿನ್ ಎರಡೂ ಸೆಲ್ ವಾಲ್ ತಡೆಯುತ್ತವೆ. ಅಂಟಿಕೊಳ್ಳುವುದರಲ್ಲಿ ವ್ಯತ್ಯಾಸ ಏನು? — ಬೀಟಾ-ಲ್ಯಾಕ್ಟಮ್ ಜೋಡಿಸುವ ಎಂಜೈಮ್‌ಗೆ, ವ್ಯಾಂಕೋಮೈಸಿನ್ ಜೋಡಣೆಯಾಗಬೇಕಾದ ಡಿ-ಅಲಾ-ಡಿ-ಅಲಾ ತುದಿಗೆ.
2. ಪಿಬಿಪಿ ಬದಲಾದ ಎಂಆರ್‌ಎಸ್‌ಎ ಮೇಲೆ ವ್ಯಾಂಕೋಮೈಸಿನ್ ಹೇಗೆ ಕೆಲಸ ಮಾಡುತ್ತದೆ? — ಅದು ಪಿಬಿಪಿಯನ್ನು ನೆಚ್ಚಿಕೊಂಡಿಲ್ಲ.
3. ವಿಆರ್‌ಇ ಏನು ಬದಲಾಯಿಸಿಕೊಂಡಿದೆ? — ಡಿ-ಅಲಾ-ಡಿ-ಅಲಾ ತುದಿಯನ್ನು ಡಿ-ಅಲಾ-ಡಿ-ಲ್ಯಾಕ್ ಮಾಡಿಕೊಂಡಿದೆ.
4. ಗ್ರಾಂ-ನೆಗೆಟಿವ್ ಮೇಲೆ ಯಾಕೆ ಕೆಲಸವಿಲ್ಲ? — ಅಣು ತುಂಬಾ ದೊಡ್ಡದು, ಹೊರಗಿನ ಮೆಂಬ್ರೇನ್ ದಾಟಲಾರದು.
5. ಡ್ರಿಪ್ ಶುರುವಾದ ಮೇಲೆ ಮುಖ, ಕುತ್ತಿಗೆ ಕೆಂಪಾಗಿ ತುರಿಕೆ. ರಕ್ತದೊತ್ತಡ, ಉಸಿರಾಟ ಸರಿಯಾಗಿದೆ. ಏನಾಗಿದೆ? — ವೇಗವಾಗಿ ಕೊಟ್ಟಿದ್ದರಿಂದ ಮಾಸ್ಟ್ ಸೆಲ್‌ಗಳಿಂದ ಹಿಸ್ಟಮಿನ್ ಬಿಡುಗಡೆ. ಐಜಿಇ ಅಲರ್ಜಿ ಅಲ್ಲ. ಡ್ರಿಪ್ ನಿಲ್ಲಿಸಿ, ಆಮೇಲೆ ನಿಧಾನವಾಗಿ ಕೊಡುತ್ತಾರೆ.

ನಾಲ್ಕನೆಯ ಕಾರ್ಡ್‌ನ ಕಾರಣ ಪ್ಯಾರಾದಲ್ಲಿ ಇರಲಿಲ್ಲ ಅಲ್ವಾ? ‘ಮಾತ್ರ’ ಅನ್ನುವ ಪದ ಕಂಡ ಕಡೆ ನಿಂತು ‘ಯಾಕೆ’ ಅಂತ ಕೇಳಿ, ಪುಸ್ತಕದ ಬೇರೆ ಪುಟದಲ್ಲಿ ಹುಡುಕಿ ತರಬೇಕು. ಕರುಳಿನಿಂದ ಹೀರಲ್ಪಡುವುದಿಲ್ಲ ಅನ್ನುವ ಸಾಲನ್ನು ನಾನು ಇಲ್ಲಿ ಬಿಟ್ಟೆ. ಅದನ್ನು ಸಿ. ಡಿಫಿಸಿಲ್ ಬಂದಾಗ, ‘ಇಲ್ಲಿ ಮಾತ್ರ ವ್ಯಾಂಕೋಮೈಸಿನ್ ಬಾಯಿಯ ಮೂಲಕ ಯಾಕೆ’ ಅನ್ನುವ ಪ್ರಶ್ನೆಯಾಗಿ ಬರೆದರೆ ಚೆನ್ನಾಗಿ ಕೂರುತ್ತದೆ.

ಹಂತ 5: ರೈಬೋಸೋಮ್, ಗೊಂದಲದ ಜಾಗ

ಸೆಲ್ ವಾಲ್ ಕಾರ್ಡ್‌ಗಳು ಬೇಗ ಹಿಡಿತಕ್ಕೆ ಬರುತ್ತವೆ. ಕಷ್ಟ ಶುರುವಾಗುವುದು ಇಲ್ಲಿ. 50ಎಸ್ ಮೇಲೆ ಮ್ಯಾಕ್ರೊಲೈಡ್, ಕ್ಲಿಂಡಾಮೈಸಿನ್, ಕ್ಲೋರಾಂಫೆನಿಕಾಲ್, ಲಿನೆಜೋಲಿಡ್ ಎಲ್ಲವೂ ಒಟ್ಟಿಗೆ ಕೂತಿವೆ. ‘50ಎಸ್ ಮೇಲೆ ಕೆಲಸ ಮಾಡುವ ಔಷಧಿ ಯಾವುದು?’ ಅಂತ ಕೇಳಿದರೆ ನಾಲ್ಕು ಸರಿ ಉತ್ತರ ಇದೆ. ಅಂಥ ಪ್ರಶ್ನೆ ಕಾರ್ಡ್‌ಗೆ ಲಾಯಕ್ಕಿಲ್ಲ. ಔಷಧಿಯಿಂದ ಜಾಗಕ್ಕೆ ಕೇಳಿ, ಜಾಗದಿಂದ ಔಷಧಿಗೆ ಕೇಳಬೇಡಿ. ಉತ್ತರ ಒಂದೇ ಇದ್ದಾಗ ಮಾತ್ರ ಎರಡೂ ದಿಕ್ಕಿನ ಕಾರ್ಡ್ ಮಾಡಿ.

ಹತ್ತಿರದ ಸಂಬಂಧಿಗಳನ್ನು ಬೇರೆ ಬೇರೆ ಕಾರ್ಡ್‌ನಲ್ಲಿ ಬರೆದು ಸುಮ್ನೆ ಬಿಟ್ಟರೆ ಒಂದರ ಉತ್ತರ ಇನ್ನೊಂದಕ್ಕೆ ಬರುತ್ತದೆ. ಅದಕ್ಕೆ ಜೋಡಿ ಕಾರ್ಡ್ ಮಾಡಬೇಕು. 30ಎಸ್‌ನ ಜೋಡಿ ಇದು: ಟೆಟ್ರಾಸೈಕ್ಲಿನ್ ಹೊಸ ಟಿಆರ್‌ಎನ್‌ಎ ಬಂದು ಕೂರುವುದನ್ನು ತಡೆಯುತ್ತದೆ, ಬೆಳವಣಿಗೆ ನಿಲ್ಲುತ್ತದೆ. ಅಮಿನೋಗ್ಲೈಕೋಸೈಡ್ ಕೋಡ್ ಓದುವುದನ್ನೇ ತಪ್ಪಿಸುತ್ತದೆ, ತಪ್ಪು ಪ್ರೋಟೀನ್ ತಯಾರಾಗಿ ಬ್ಯಾಕ್ಟೀರಿಯಾ ಸಾಯುತ್ತದೆ. ಎರಡೂ ಒಂದೇ ಉಪಘಟಕದ ಮೇಲಿದ್ದೂ ಒಂದು ನಿಲ್ಲಿಸುತ್ತದೆ, ಇನ್ನೊಂದು ಕೊಲ್ಲುತ್ತದೆ. ಇದನ್ನು ಒಂದೇ ಕಾರ್ಡ್‌ನಲ್ಲಿ ಕೇಳಿ.

ಇಲ್ಲೂ ಉಳಿದ ವಿವರಗಳನ್ನು ಕಾರಣದಿಂದಲೇ ತೂಗಿ ಹಾಕಬಹುದು. ಅಮಿನೋಗ್ಲೈಕೋಸೈಡ್ ಒಳಗೆ ಹೋಗಲು ಆಮ್ಲಜನಕ ಬೇಕು, ಹಾಗಾಗಿ ಅನೇರೋಬ್‌ಗಳ ಮೇಲೆ ಅದರ ಆಟ ನಡೆಯುವುದಿಲ್ಲ. ಟೆಟ್ರಾಸೈಕ್ಲಿನ್ ಕ್ಯಾಲ್ಸಿಯಮನ್ನು ಹಿಡಿದುಕೊಳ್ಳುತ್ತದೆ. ಹಾಲು, ಆಂಟಾಸಿಡ್ ಜೊತೆ ಬೇಡ ಅನ್ನುವುದೂ, ಬೆಳೆಯುವ ಮಕ್ಕಳ ಹಲ್ಲಿಗೆ ಬಣ್ಣ ಬರುವುದೂ ಇದೊಂದೇ ಕಾರಣಕ್ಕೆ. ಎರಡು ಅಡ್ಡಪರಿಣಾಮ ಅಂತ ಎರಡು ಕಾರ್ಡ್ ಮಾಡುವ ಬದಲು ‘ಈ ಎರಡಕ್ಕೂ ಒಂದೇ ಕಾರಣ ಏನು?’ ಅಂತ ಕೇಳಿ.

50ಎಸ್‌ನಲ್ಲಿ ಒಂದು ಕಾರ್ಡ್ ಖಂಡಿತ ಇರಲಿ. ಮ್ಯಾಕ್ರೊಲೈಡ್ ಮತ್ತು ಕ್ಲಿಂಡಾಮೈಸಿನ್ ರಚನೆಯಲ್ಲಿ ಬೇರೆ, ಆದರೆ ಅಂಟಿಕೊಳ್ಳುವ ಜಾಗ ಹೆಚ್ಚು ಕಡಿಮೆ ಒಂದೇ. 23ಎಸ್ ಆರ್‌ಎನ್‌ಎ ಮೇಲೆ ಬ್ಯಾಕ್ಟೀರಿಯಾ ಒಂದು ಮೀಥೈಲ್ ಗುಂಪು ಸೇರಿಸಿದರೆ ಎರಡೂ ಸೋಲಬಹುದು. ಅದಕ್ಕೇ ಲ್ಯಾಬ್‌ನಲ್ಲಿ ಸ್ಟೆಫಿಲೋಕಾಕಸ್ ಎರಿತ್ರೋಮೈಸಿನ್‌ಗೆ ರೆಸಿಸ್ಟೆಂಟ್, ಕ್ಲಿಂಡಾಮೈಸಿನ್‌ಗೆ ಸೆನ್ಸಿಟಿವ್ ಅಂತ ಬಂದರೆ ಡಿ-ಟೆಸ್ಟ್ ಮಾಡುತ್ತಾರೆ. ಮೆಕ್ಯಾನಿಸಂ ಕಾರ್ಡ್ ಲ್ಯಾಬ್ ರಿಪೋರ್ಟ್ ಓದುವ ಮಟ್ಟಕ್ಕೆ ಬರುವುದು ಇಂಥ ಕಡೆ.

ಡಿಎನ್‌ಎ ಮತ್ತು ಫೋಲೇಟ್ ಭಾಗಕ್ಕೂ ಇದೇ ಕ್ರಮ. ಫೋಲೇಟ್ ಸರಪಳಿಯನ್ನು ಚಿತ್ರ ಬರೆದು ಎರಡು ಖಾಲಿ ಜಾಗ ಬಿಡಿ: ಮೊದಲ ಮೆಟ್ಟಿಲಲ್ಲಿ ಸಲ್ಫೋನಮೈಡ್, ಮುಂದಿನದರಲ್ಲಿ ಟ್ರೈಮೆಥೋಪ್ರಿಮ್. ಎರಡನ್ನೂ ಒಟ್ಟಿಗೆ ಯಾಕೆ ಕೊಡುತ್ತಾರೆ ಅನ್ನುವುದಕ್ಕೆ ಚಿತ್ರವೇ ಉತ್ತರ.

ಹಂತ 6: ಆಂಕಿಗೆ ಹಾಕುವುದು

ಕಾಗದದ ಕಾರ್ಡ್ ಆದರೂ ನಡೆಯುತ್ತದೆ. ಆಂಕಿ ಬಳಸುವವರು ಕಾರ್ಡ್‌ಗಳನ್ನು ಒಂದು ಟೆಕ್ಸ್ಟ್ ಫೈಲ್‌ನಲ್ಲಿ ಬರೆದು UTF-8 ಆಗಿ ಉಳಿಸಿ, ಇಂಪೋರ್ಟ್ ಮಾಡಿದರೆ ಬೇಗ ಆಗುತ್ತದೆ. ಪ್ರತಿ ಸಾಲಿನಲ್ಲಿ ಪ್ರಶ್ನೆ, ಉತ್ತರ, ಟ್ಯಾಗ್:

```
#separator:Pipe
#notetype:Basic
#deck:Antibiotics
#tags column:3
ವಿಆರ್‌ಇ ಏನು ಬದಲಾಯಿಸಿಕೊಂಡಿದೆ?|ಡಿ-ಅಲಾ-ಡಿ-ಅಲಾ ತುದಿ ಡಿ-ಅಲಾ-ಡಿ-ಲ್ಯಾಕ್ ಆಗಿದೆ|abx::wall::glyco
ಅಮಿನೋಗ್ಲೈಕೋಸೈಡ್ ಅನೇರೋಬ್ ಮೇಲೆ ಯಾಕೆ ಸೋಲುತ್ತದೆ?|ಒಳಗೆ ಹೋಗಲು ಆಮ್ಲಜನಕ ಬೇಕು|abx::ribo::30S
```

ಡೆಕ್ ಒಂದೇ ಇದೆ, ಗುಂಪು ಟ್ಯಾಗ್‌ನಲ್ಲಿ ಇದೆ. ಇದು ಬೇಕಂತಲೇ ಮಾಡಿದ್ದು. ‘ಬೀಟಾ-ಲ್ಯಾಕ್ಟಮ್’ ಅಂತ ಬೇರೆ ಡೆಕ್ ಮಾಡಿ ಅದನ್ನೇ ಓದಿದರೆ ಪ್ರಶ್ನೆ ಪೂರ್ತಿ ನೋಡುವ ಮೊದಲೇ ಅರ್ಧ ಉತ್ತರ ಗೊತ್ತಾಗಿರುತ್ತದೆ. ಪರೀಕ್ಷೆಯಲ್ಲಿ ಯಾರೂ ಆ ಸುಳಿವು ಕೊಡುವುದಿಲ್ಲ. ಗುಂಪು ಮಾಡಿ ಬರೆಯಿರಿ, ಕಲಸಿ ಓದಿ. ಒಂದೇ ಭಾಗ ಕೈಕೊಡುತ್ತಿದ್ದರೆ `tag:abx::ribo` ಅಂತ ಹುಡುಕಿ ಫಿಲ್ಟರ್ಡ್ ಡೆಕ್ ಮಾಡಿಕೊಳ್ಳಿ, ಕೆಲಸ ಮುಗಿದ ಮೇಲೆ ತೆಗೆದುಬಿಡಿ.

ಕಾರ್ಡ್ ಸರಿಯಿಲ್ಲ ಅಂತ ಗೊತ್ತಾಗುವುದು ಹೇಗೆ

ಪ್ರಶ್ನೆಯ ಮೊದಲ ಎರಡು ಪದ ಕಂಡ ತಕ್ಷಣ ಉತ್ತರ ಬಾಯಿಗೆ ಬರುತ್ತಿದೆ, ಆದರೆ ಅದೇ ಪ್ರಶ್ನೆಯನ್ನು ಗೆಳೆಯರು ಬೇರೆ ಮಾತಿನಲ್ಲಿ ಕೇಳಿದರೆ ತಬ್ಬಿಬ್ಬಾಗುತ್ತೀರಿ ಅಂದರೆ ನೀವು ಕಲಿತದ್ದು ಕಾರ್ಡ್‌ನ ಆಕಾರ. ಆ ಕಾರ್ಡನ್ನು ರೋಗಿಯ ಸನ್ನಿವೇಶವಾಗಿ ತಿದ್ದಿ ಬರೆಯಿರಿ, ಮೇಲಿನ ಐದನೆಯ ವ್ಯಾಂಕೋಮೈಸಿನ್ ಕಾರ್ಡ್‌ನ ಹಾಗೆ.

ಒಂದು ಕಾರ್ಡ್ ಮತ್ತೆ ಮತ್ತೆ ತಪ್ಪಾಗುತ್ತಿದ್ದರೆ ಆಂಕಿ ಅದಕ್ಕೆ `leech` ಅಂತ ಟ್ಯಾಗ್ ಹಾಕುತ್ತದೆ. ಸೆಟ್ಟಿಂಗ್ ಬದಲಾಯಿಸದಿದ್ದರೆ 8 ಸಲ ಮರೆತ ಮೇಲೆ ಇದು ಆಗುತ್ತದೆ. ಅಂಥ ಕಾರ್ಡನ್ನು ಇನ್ನಷ್ಟು ಸಲ ಓದುವುದರಲ್ಲಿ ಅರ್ಥವಿಲ್ಲ. ಯಾವ ತಪ್ಪು ಉತ್ತರ ಬರುತ್ತಿದೆ ಅಂತ ನೋಡಿ. ಸೆಫಾಕ್ಸಿಟಿನ್ ಕೇಳಿದಾಗ ಸೆಫೊಟ್ಯಾಕ್ಸಿಮ್ ಉತ್ತರ ಬರುತ್ತಿದ್ದರೆ ಎರಡನ್ನೂ ಎದುರುಬದುರು ಇಟ್ಟ ಒಂದು ಜೋಡಿ ಕಾರ್ಡ್ ಬರೆಯಿರಿ: ಮೊದಲನೆಯದು ಎರಡನೇ ಜನರೇಷನ್ ಜೊತೆ ಸೇರಿಸುವಂಥದ್ದು, ಅನೇರೋಬ್‌ಗಳ ಮೇಲೂ ಕೆಲಸ ಮಾಡುತ್ತದೆ. ಎರಡನೆಯದು ಮೂರನೇ ಜನರೇಷನ್, ಮೆನಿಂಜೈಟಿಸ್‌ಗೆ ಬಳಸುತ್ತಾರೆ. ಹಳೆಯ ಕಾರ್ಡನ್ನು ಅಳಿಸಿ.

ಡೋಸ್‌ಗಳನ್ನು, ‘ಈ ಸೋಂಕಿಗೆ ಮೊದಲ ಆಯ್ಕೆ’ ಅನ್ನುವುದನ್ನು ಈ ಸೆಟ್ಟಿಗೆ ಸೇರಿಸಬೇಡಿ. ರೆಸಿಸ್ಟೆನ್ಸ್ ಬದಲಾದಂತೆ ಮಾರ್ಗಸೂಚಿಗಳು ಬದಲಾಗುತ್ತವೆ, ಅದಕ್ಕೆ ಪುಸ್ತಕದ ಅಧ್ಯಾಯ ಸರಿಯಾದ ಮೂಲವಲ್ಲ. ಸಂಖ್ಯೆ ಇರುವ ಪ್ರತಿ ಕಾರ್ಡ್‌ನ ಹಿಂದೆ ಪುಸ್ತಕದ ಆವೃತ್ತಿ ಮತ್ತು ಪುಟ ಬರೆದಿಡಿ. ಪೆನಿಸಿಲಿನ್ ಅಲರ್ಜಿ ಇದ್ದವರಿಗೆ ಸೆಫಲೋಸ್ಪೊರಿನ್‌ಗೂ ಅಲರ್ಜಿ ಆಗುವ ಸಾಧ್ಯತೆಯನ್ನೇ ನೋಡಿ. ಹಳೆಯ ಪುಸ್ತಕಗಳಲ್ಲಿ ಸುಮಾರು 10% ಅಂತ ಇರುತ್ತಿತ್ತು. ಈಗ ಅದಕ್ಕಿಂತ ತುಂಬಾ ಕಡಿಮೆ ಅಂತ ಗೊತ್ತಾಗಿದೆ, ಮತ್ತು ಎರಡು ಔಷಧಿಗಳ ಪಕ್ಕದ ಸರಪಳಿ ಎಷ್ಟು ಹೋಲುತ್ತದೆ ಅನ್ನುವುದೇ ಅಲ್ಲಿ ಮುಖ್ಯ. ಹಾಗಾಗಿ ಅಲರ್ಜಿಯ ಕಾರ್ಡ್‌ನಲ್ಲಿ ಶೇಕಡಾವಾರು ಕೇಳುವ ಬದಲು ‘ಯಾವ ಭಾಗ ಹೋಲಿದರೆ ಅಪಾಯ ಜಾಸ್ತಿ?’ ಅಂತ ಕೇಳಿ. ಸೆಫ್ಟಾಜಿಡಿಮ್ ಅಲರ್ಜಿ ಇರುವವರಿಗೆ ಅಜ್ಟ್ರಿಯೋನಾಮ್ ಕೊಡುವಾಗ ಯಾಕೆ ಎಚ್ಚರ ಬೇಕು ಅನ್ನುವ ಕಾರ್ಡ್‌ಗೂ ಅದೇ ಉತ್ತರ: ಎರಡರ ಪಕ್ಕದ ಸರಪಳಿ ಒಂದೇ.